ಚಿಕನ್ ಪಾಕ್ಸ್ ಲಸಿಕೆ: ಎರಡನೇ ಡೋಸ್ ಯಾವ ಭಾನುವಾರ?

ಸಂಘದ ಕಾರ್ಯದರ್ಶಿ (ಮೇ 4, ಸೋಮವಾರ)
ಎಲ್ಲರ ಗಮನಕ್ಕೆ. 2ನೇ ಕ್ರಾಸ್‌ನ ಪಿ.ಜಿ.ಯಲ್ಲಿ ಒಬ್ಬ ಹುಡುಗನಿಗೆ ಶನಿವಾರದಿಂದ ಚಿಕನ್ ಪಾಕ್ಸ್. ಹಿಂದಿನ ವಾರ 6ನೇ ಕ್ರಾಸ್‌ನಲ್ಲೂ ಒಂದು ಮನೆಯಲ್ಲಿ ಆಗಿತ್ತು. 13 ವರ್ಷ ದಾಟಿದವರಲ್ಲಿ ಇದುವರೆಗೆ ಚಿಕನ್ ಪಾಕ್ಸ್ ಬಾರದವರು ಎಷ್ಟು ಜನ ಇದ್ದೀರಿ ಅಂತ ಮನೆ ನಂಬರ್ ಸಮೇತ ಇಲ್ಲೇ ಬರೆಯಿರಿ. ಮೇ 10ರ ಭಾನುವಾರ ಸಮುದಾಯ ಭವನದಲ್ಲಿ ಕ್ಯಾಂಪ್ ಮಾಡಿಸೋಣ ಅಂತಿದ್ದೇವೆ. ಎರಡನೇ ಡೋಸ್‌ಗೆ ಯಾವ ದಿನ ಇಟ್ಟುಕೊಳ್ಳಬೇಕು?

5ನೇ ಕ್ರಾಸ್, ಮನೆ 18
ಮಗಳ ಲಸಿಕೆ ಪುಸ್ತಕದಲ್ಲಿ ಮೂರು ತಿಂಗಳು ಗ್ಯಾಪ್ ಅಂತ ಇದೆ. ಹಾಗಾದ್ರೆ ಆಗಸ್ಟ್ ಎರಡನೇ ವಾರ. ಅಷ್ಟೊತ್ತಿಗೆ ಸೀಸನ್ನೇ ಮುಗಿದಿರುತ್ತೆ ಸರ್, ಕ್ಯಾಂಪ್ ಮಾಡಿ ಏನು ಪ್ರಯೋಜನ?

4ನೇ ಕ್ರಾಸ್, ಮಕ್ಕಳ ಡಾಕ್ಟರ್
ಆ ಮೂರು ತಿಂಗಳು 13 ವರ್ಷದೊಳಗಿನ ಮಕ್ಕಳ ಲೆಕ್ಕ, ನಿಮ್ಮ ಪುಸ್ತಕ ತಪ್ಪಿಲ್ಲ. 13 ತುಂಬಿದವರಿಗೆ ನಾಲ್ಕರಿಂದ ಎಂಟು ವಾರ. ಕನಿಷ್ಠ 28 ದಿನ ಅನ್ನೋದಷ್ಟೇ ಗಟ್ಟಿ ನಿಯಮ. ಎಂಟು ವಾರ ದಾಟಿದರೆ ಮೊದಲನೇ ಡೋಸ್ ಹಾಳಾಗಲ್ಲ, ಮತ್ತೆ ಮೊದಲಿಂದ ಶುರು ಮಾಡಬೇಕಿಲ್ಲ, ನೆನಪಾದ ದಿನ ಎರಡನೆಯದನ್ನು ಹಾಕಿಸಿಕೊಂಡರಾಯಿತು. ಆದರೆ ಆ ಮಧ್ಯದ ದಿನಗಳಲ್ಲಿ ರಕ್ಷಣೆ ಅರೆಬರೆ. ದೊಡ್ಡವರಲ್ಲಿ ಒಂದೇ ಡೋಸ್‌ಗೆ ಪ್ರತಿಕಾಯ ಹುಟ್ಟಿದ್ದು ನೂರಕ್ಕೆ 78 ಜನರಲ್ಲಿ, ಎರಡನೆಯದು ಬಿದ್ದ ಮೇಲೆ 99. ಚಿಕ್ಕ ಮಕ್ಕಳ ಮೈ ಮೊದಲ ಡೋಸ್‌ಗೇ ಚೆನ್ನಾಗಿ ಸ್ಪಂದಿಸುತ್ತೆ, ಅದಕ್ಕೇ ಅವರಲ್ಲಿ ನಿಧಾನಕ್ಕೆ ಹೋದರೂ ನಡೆಯುತ್ತೆ.

7ನೇ ಕ್ರಾಸ್, ಮನೆ 3
28 ದಿನ ಯಾಕೆ ಡಾಕ್ಟ್ರೇ, ಎರಡು ವಾರಕ್ಕೇ ಹಾಕಿದರೆ ಬೇಗ ಮುಗಿಯಲ್ವಾ? ಮನೇಲಿ ಬಾಣಂತಿ ಇದ್ದಾಳೆ, ಭಯ ಆಗ್ತಿದೆ.

4ನೇ ಕ್ರಾಸ್, ಮಕ್ಕಳ ಡಾಕ್ಟರ್
ಇದು ಜೀವಂತ ವೈರಸ್ಸಿನ ಲಸಿಕೆ. ಕಸು ಇಳಿಸಿದ ವೈರಸ್ ಮೈಯಲ್ಲಿ ಸ್ವಲ್ಪ ಬೆಳೆದರೆ ಮಾತ್ರ ದೇಹ ಪಾಠ ಕಲಿಯುತ್ತೆ. ಮೊದಲ ಡೋಸ್‌ನಿಂದ ಎದ್ದ ಗಲಾಟೆ ಇನ್ನೂ ನಡೀತಿರುವಾಗಲೇ ಎರಡನೆಯದನ್ನು ಹಾಕಿದರೆ, ಅದು ಬೆಳೆಯೋ ಮುಂಚೆಯೇ ಸತ್ತುಹೋಗುತ್ತೆ. ಸೂಜಿ ಚುಚ್ಚಿದ್ದು ನಿಜ, ದುಡ್ಡು ಹೋದದ್ದೂ ನಿಜ, ಲೆಕ್ಕಕ್ಕೆ ಮಾತ್ರ ಇಲ್ಲ. ಹಾಗೆ ಬೇಗ ಹಾಕಿದ್ದನ್ನು ಆ ದಿನದಿಂದ 28 ದಿನ ಬಿಟ್ಟು ಮತ್ತೆ ಹಾಕಬೇಕಾಗುತ್ತೆ. ಬಾಣಂತಿಗೆ ಚಿಕನ್ ಪಾಕ್ಸ್ ಬಂದಿರದಿದ್ದರೆ ಅವರೂ ಹಾಕಿಸಿಕೊಳ್ಳಬಹುದು, ಹಾಲೂಡಿಸೋದಕ್ಕೆ ಅಡ್ಡಿಯಿಲ್ಲ. ಗರ್ಭಿಣಿಯರು ಮಾತ್ರ ಬೇಡವೇ ಬೇಡ. ಪ್ರತಿ ಡೋಸ್ ಆದ ಮೇಲೆ ಕನಿಷ್ಠ ಒಂದು ತಿಂಗಳು ಗರ್ಭ ಧರಿಸಬಾರದು.

ಸಂಘದ ಕಾರ್ಯದರ್ಶಿ
ಹಾಗಾದ್ರೆ ಎರಡನೇ ಭಾನುವಾರ, ಎರಡನೇ ಭಾನುವಾರ ಅಂತ ಇಟ್ಟುಬಿಡೋಣ. ಮೇ 10, ಜೂನ್ 14. ಜನಕ್ಕೆ ನೆನಪಿರುತ್ತೆ.

4ನೇ ಕ್ರಾಸ್, ಮಕ್ಕಳ ಡಾಕ್ಟರ್
ಒಳ್ಳೆ ಉಪಾಯ. ಒಂದು ತಿಂಗಳ ಎರಡನೇ ಭಾನುವಾರದಿಂದ ಮುಂದಿನ ತಿಂಗಳ ಎರಡನೇ ಭಾನುವಾರಕ್ಕೆ 28 ಇಲ್ಲವೇ 35 ದಿನ ಬರುತ್ತೆ, ಅದಕ್ಕಿಂತ ಕಡಿಮೆ ಬರೋಕೆ ಸಾಧ್ಯವೇ ಇಲ್ಲ. ಈ ಸಲ 35. ಅವತ್ತು ತಪ್ಪಿಸಿಕೊಂಡವರಿಗೆ ಜೂನ್ 28 ಇಡಿ, 49 ದಿನ ಆಗುತ್ತೆ, ಎಂಟು ವಾರದೊಳಗೇ. ಸಣ್ಣ ಮಕ್ಕಳನ್ನೂ ಸೇರಿಸಿಕೊಂಡರೆ ಅವರಿಗೆ ಆಗಸ್ಟ್ 9ರ ಎರಡನೇ ಭಾನುವಾರ ಅಂತ ಪ್ರತ್ಯೇಕ ಪಟ್ಟಿ ಬೇಕು.

ಆದರೆ ಸಮುದಾಯ ಭವನ ಬೇಡ. ಈ ಲಸಿಕೆ 2ರಿಂದ 8 ಡಿಗ್ರಿ ಒಳಗೇ ಇರಬೇಕು, ಬೆಳಕೂ ಬಿಸಿಯೂ ಆಗಲ್ಲ. ಪುಡಿ ಬೇರೆ, ನೀರು ಬೇರೆ ಬರುತ್ತೆ, ಜೊತೆಗೆ ಬಂದ ನೀರನ್ನೇ ಹಾಕಿ ಕಲಸಿ ತಡಮಾಡದೆ ಚುಚ್ಚಬೇಕು. ಕ್ಯಾಂಪ್‌ಗಳಲ್ಲಿ ಕ್ಯೂ ನೋಡಿ ಹತ್ತು ಹದಿನೈದು ಒಟ್ಟಿಗೆ ಕಲಸಿ ಟ್ರೇನಲ್ಲಿ ಇಟ್ಟುಬಿಡ್ತಾರೆ, ಹಾಳಾಗಿದ್ದು ಕಣ್ಣಿಗೆ ಕಾಣಲ್ಲ. ಮೇ ತಿಂಗಳ ಬೆಂಗಳೂರು ಬೇರೆ, ಕರೆಂಟ್ ಯಾವಾಗ ಹೋಗುತ್ತೋ. ಫ್ರಿಜ್ಜು, ತಾಪಮಾನ ಬರೆಯೋ ಪುಸ್ತಕ ಎರಡೂ ಇರೋ ಕ್ಲಿನಿಕ್‌ಗೆ ಹೇಳಿ, ಅರ್ಧ ಗಂಟೆಗೆ ಹತ್ತು ಜನರಂತೆ ಟೋಕನ್ ಕೊಡಿ.

1ನೇ ಕ್ರಾಸ್, ಅಜ್ಜಿ ಮನೆ
ನನಗೆ 71. ಹೋದ ವರ್ಷ ಬೆನ್ನ ಮೇಲೆ ಸರ್ಪಸುತ್ತು ಆಗಿತ್ತು. ನಾನೂ ಭಾನುವಾರ ಬರಲಾ ಮಗು?

4ನೇ ಕ್ರಾಸ್, ಮಕ್ಕಳ ಡಾಕ್ಟರ್
ಬೇಡ ಅಜ್ಜಿ. ಚಿಕನ್ ಪಾಕ್ಸ್ ಬಂದು ಹೋದವರ ಮೈಯಲ್ಲಿ ಮಲಗಿದ್ದ ಅದೇ ವೈರಸ್ ಎದ್ದರೆ ಸರ್ಪಸುತ್ತು. ಅಂದರೆ ನಿಮಗೆ ಯಾವಾಗಲೋ ಬಂದಿತ್ತು. ಸರ್ಪಸುತ್ತಿನ ಲಸಿಕೆಯೇ ಬೇರೆ, ಅದರ ಗ್ಯಾಪೂ ಬೇರೆ, ನಿಮ್ಮ ಡಾಕ್ಟರ್ ಹತ್ತಿರ ಕೇಳಿ.

3ನೇ ಕ್ರಾಸ್, ಮನೆ 27
ನನಗೆ 38. ಚಿಕ್ಕವಳಿದ್ದಾಗ ಅಮ್ಮ ಬಂದಿತ್ತು, ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರಂತೆ. ನನ್ನ ಹೆಸರು ಬೇಡ ಅಲ್ವಾ?

6ನೇ ಕ್ರಾಸ್, ನರ್ಸ್
ಮೇಡಂ, ಅಲ್ಲೇ ಎಡವೋದು. ನಮ್ಮ ಕಡೆ ದಡಾರಕ್ಕೂ ಅಮ್ಮ ಅಂತಾರೆ, ಚಿಕನ್ ಪಾಕ್ಸ್‌ಗೂ ಅಮ್ಮ ಅಂತಾರೆ, ಬೇವಿನ ಸೊಪ್ಪು ಎರಡಕ್ಕೂ ಇಡ್ತಾರೆ. ನಿಮ್ಮ ತಾಯಿ ಇದ್ದರೆ ಹೀಗೆ ಕೇಳಿ: ನೀರು ತುಂಬಿದ ಗುಳ್ಳೆ ಇತ್ತಾ, ತುರಿಕೆ ಇತ್ತಾ, ಒಂದು ಕಡೆ ಹೊಸ ಗುಳ್ಳೆ ಏಳ್ತಾ ಇನ್ನೊಂದು ಕಡೆ ಹಕ್ಕಳೆ ಕಟ್ತಿತ್ತಾ? ಹೌದು ಅಂದರೆ ಚಿಕನ್ ಪಾಕ್ಸ್. ಜ್ವರ, ಕೆಮ್ಮು, ಕೆಂಪು ಕಣ್ಣು, ಆಮೇಲೆ ಮೈಯೆಲ್ಲ ಸಣ್ಣ ಕೆಂಪು ದದ್ದು ಅಂದರೆ ಬಹುಶಃ ದಡಾರ. ಗೊತ್ತಿಲ್ಲ ಅಂದರೆ ರಕ್ತದಲ್ಲಿ ಐಜಿಜಿ ಪ್ರತಿಕಾಯ ನೋಡಿಸಬಹುದು. ನೋಡಿಸದೆ ನೇರ ಲಸಿಕೆ ಹಾಕಿಸಿಕೊಂಡರೂ, ಹಿಂದೆ ಬಂದಿದ್ದವರಿಗೆ ಅದರಿಂದ ಅಪಾಯ ಏನಿಲ್ಲ. ಆದರೆ ಲಸಿಕೆ ಆದ ಮೇಲೆ "ಹತ್ತಿತಾ" ನೋಡೋಕೆ ಅಂತ ಅದೇ ಟೆಸ್ಟ್ ಮಾಡಿಸಬೇಡಿ. ಸಾಮಾನ್ಯ ಲ್ಯಾಬ್ ಕಿಟ್‌ಗಳು ಲಸಿಕೆಯ ಪ್ರತಿಕಾಯ ಹಿಡಿಯೋದರಲ್ಲಿ ಹಿಂದೆ, ನೆಗೆಟಿವ್ ಬಂದು ಸುಮ್ಮನೆ ತಲೆಬಿಸಿ.

5ನೇ ಕ್ರಾಸ್, ಮನೆ 18
ನನ್ನ ದೊಡ್ಡ ಮಗಳಿಗೆ 16. ಒಂದೂಕಾಲು ವರ್ಷದಲ್ಲಿ ಒಂದು ಡೋಸ್ ಆಗಿದೆ. ಅವಳದ್ದು ಮುಗಿದ ಹಾಗೆ ತಾನೆ?

4ನೇ ಕ್ರಾಸ್, ಮಕ್ಕಳ ಡಾಕ್ಟರ್
ಅರ್ಧ ಮುಗಿದಿದೆ. ಆ ಹಳೇ ಡೋಸ್ ಎಣಿಕೆಗೆ ಬರುತ್ತೆ, ಇನ್ನೊಂದೇ ಸಾಕು. ಹತ್ತನೇ ತಾರೀಖು ಬರಲಿ, ಜೂನ್ 14ಕ್ಕೆ ಮತ್ತೆ ಬರೋದು ಬೇಡ. ಹಳೇ ಪುಸ್ತಕ ಮಾತ್ರ ತನ್ನಿ, ಬಾಯಿಮಾತಿನ ಮೇಲೆ ನಾವು ಎಣಿಸಲ್ಲ.

8ನೇ ಕ್ರಾಸ್, ಮನೆ 44
ಮಗ ಜೂನ್ 5ಕ್ಕೆ ಓದೋಕೆ ಹೊರದೇಶಕ್ಕೆ ಹೊರಡ್ತಾನೆ. ಕಾಲೇಜಿನವರು ಎಂಎಂಆರ್ ಎರಡು, ಚಿಕನ್ ಪಾಕ್ಸ್ ಎರಡು ಕೇಳಿದ್ದಾರೆ. ಎಂಎಂಆರ್ ಒಂದು ಏಪ್ರಿಲ್ 25ಕ್ಕೆ ಆಯ್ತು. ಮೇ 10 ಕ್ಯಾಂಪ್‌ಗೆ ಬಂದರೆ ಜೂನ್ 7, ಎರಡು ದಿನ ಸಾಲಲ್ಲ. ಜೂನ್ 4ಕ್ಕೆ ಹಾಕಿಸಬಹುದಾ? 25 ದಿನ ಆಗುತ್ತೆ.

4ನೇ ಕ್ರಾಸ್, ಮಕ್ಕಳ ಡಾಕ್ಟರ್
ಸರ್, 25 ದಿನದ ಪ್ರಶ್ನೆ ಆಮೇಲೆ. ಮೇ 10ರ ಡೋಸೇ ನಿಮ್ಮ ಮಗನಿಗೆ ಆಗಲ್ಲ. ದಡಾರ, ಮಂಗನಬಾವು, ರುಬೆಲ್ಲಾಗೆ ಹಾಕೋ ಎಂಎಂಆರ್ ಕೂಡ ಜೀವಂತ ಲಸಿಕೆ. ಇಂಥ ಎರಡು ಇಂಜೆಕ್ಷನ್‌ಗಳನ್ನು ಒಂದೇ ದಿನ ಬೇರೆ ಬೇರೆ ತೋಳಿಗೆ ಕೊಡಬೇಕು, ಇಲ್ಲವೇ 28 ದಿನ ಬಿಟ್ಟು ಕೊಡಬೇಕು. ಏಪ್ರಿಲ್ 25ಕ್ಕೆ 28 ಸೇರಿಸಿದರೆ ಮೇ 23, ಶನಿವಾರ. ಮೇ 10ಕ್ಕೆ ಹಾಕಿಸಿದರೆ 15 ದಿನ ಮಾತ್ರ ಆಗಿರುತ್ತೆ, ಆ ಚಿಕನ್ ಪಾಕ್ಸ್ ಡೋಸ್ ರದ್ದು, ಅಲ್ಲಿಂದ 28 ದಿನ ಕಾಯಬೇಕು. ಜೂನ್ 7ಕ್ಕೆ ಅವನು ವಿಮಾನ ಹತ್ತಿ ಆಗಿರುತ್ತೆ.

ಅದಕ್ಕೆ ಹೀಗೆ ಮಾಡಿ. ಮೇ 23ಕ್ಕೆ ಎರಡನೇ ಎಂಎಂಆರ್ ಒಂದು ತೋಳಿಗೆ, ಮೊದಲನೇ ಚಿಕನ್ ಪಾಕ್ಸ್ ಇನ್ನೊಂದು ತೋಳಿಗೆ. ಎಂಎಂಆರ್ ಲೆಕ್ಕ ಅಲ್ಲಿಗೆ ಮುಗಿಯಿತು. ಎರಡನೇ ಚಿಕನ್ ಪಾಕ್ಸ್ ಜೂನ್ 20 ಅಥವಾ ಆಮೇಲೆ, ಅಲ್ಲಿಗೆ ಹೋದ ಮೇಲೆ. ಕಂಪನಿ ಬೇರೆ ಆದರೂ ಪರವಾಗಿಲ್ಲ. ಲಸಿಕೆ ಹೆಸರು, ತಾರೀಖು, ಬ್ಯಾಚ್ ನಂಬರ್, ಡಾಕ್ಟರ್ ಸಹಿ, ಸೀಲು ಇರೋ ಚೀಟಿ ಕಳಿಸಿ. ಒಂದೇ ಲಸಿಕೆಯ ಎರಡು ಡೋಸ್ ನಡುವೆ ನಾಲ್ಕು ದಿನದ ರಿಯಾಯಿತಿಯನ್ನು ಅಮೆರಿಕದ ನಿಯಮ ಒಪ್ಪುತ್ತೆ ನಿಜ, ಆದರೆ ಅದು ಎಂಎಂಆರ್–ಚಿಕನ್ ಪಾಕ್ಸ್ ನಡುವೆ ನಡೆಯಲ್ಲ. ಅದನ್ನು ನಂಬಿ ಮೊದಲೇ ಯೋಜನೆ ಹಾಕಬೇಡಿ.

8ನೇ ಕ್ರಾಸ್, ಮನೆ 44
ಟಿ.ಟಿ., ಫ್ಲೂ, ಎಚ್‌ಪಿವಿ ಇವಕ್ಕೂ ಹೀಗೇನಾ?

6ನೇ ಕ್ರಾಸ್, ನರ್ಸ್
ಇಲ್ಲ ಸರ್, ಆ ಇಂಜೆಕ್ಷನ್‌ಗಳು ಜೀವಂತ ಅಲ್ಲ, ಯಾವಾಗ ಬೇಕಾದರೂ.

2ನೇ ಕ್ರಾಸ್, ಪಿ.ಜಿ. ಎದುರು ಮನೆ
ಆ ಹುಡುಗನ ರೂಮಿನಲ್ಲಿ ಇನ್ನೂ ಮೂವರಿದ್ದಾರೆ. ಅವರನ್ನೂ ಹತ್ತನೇ ತಾರೀಖಿಗೆ ಸೇರಿಸಲಾ?

4ನೇ ಕ್ರಾಸ್, ಮಕ್ಕಳ ಡಾಕ್ಟರ್
ಅವರು ಹತ್ತನೇ ತಾರೀಖಿಗೆ ಕಾಯಬಾರದು. ಸೋಂಕು ತಗುಲಿದ ಮೂರು ದಿನದೊಳಗೆ, ಹೆಚ್ಚೆಂದರೆ ಐದು ದಿನದೊಳಗೆ ಬಿದ್ದರೆ ಮಾತ್ರ ಲಸಿಕೆ ರೋಗವನ್ನು ತಡೆಯುತ್ತೆ ಇಲ್ಲವೇ ಹಗುರ ಮಾಡುತ್ತೆ. ಗುಳ್ಳೆ ಕಂಡದ್ದು ಶನಿವಾರ, ಆದರೆ ಅದಕ್ಕೆ ಒಂದೆರಡು ದಿನ ಮುಂಚಿನಿಂದಲೇ ಹರಡ್ತಿರುತ್ತೆ. ಹಾಗಾಗಿ ಇವತ್ತು, ತಪ್ಪಿದರೆ ನಾಳೆ ಬೆಳಿಗ್ಗೆ. ಆ ಡೋಸ್ ಮೊದಲನೆಯದು ಅಂತ ಎಣಿಕೆಗೂ ಬರುತ್ತೆ, ಇವತ್ತು ಹಾಕಿಸಿದರೆ ಎರಡನೆಯದು ಜೂನ್ 1ರಿಂದ.

ಇನ್ನೊಂದು ಮಾತು, ಗಾಬರಿ ಆಗಬಾರದು ಅಂತ ಹೇಳ್ತಿದ್ದೇನೆ. ರೋಗ ಮೈಯಲ್ಲಿ 10ರಿಂದ 21 ದಿನ ಸುಮ್ಮನಿರುತ್ತೆ. ಭಾನುವಾರ ಲಸಿಕೆ ಹಾಕಿಸಿಕೊಂಡ ಒಂದು ವಾರಕ್ಕೆ ಯಾರಿಗಾದರೂ ಮೈತುಂಬ ಗುಳ್ಳೆ ಎದ್ದರೆ ಅದು ಬಹುಪಾಲು ಮೊದಲೇ ಹೊಕ್ಕಿದ್ದ ರೋಗ, ಲಸಿಕೆಯದ್ದಲ್ಲ. ಲಸಿಕೆಯದ್ದಾದರೆ ಸಾಮಾನ್ಯವಾಗಿ ಕೆಲವೇ ಬೊಕ್ಕೆ, ಮೂರು ವಾರದೊಳಗೆ. ಹಾಗೇನಾದರೂ ಕಂಡರೆ ಗರ್ಭಿಣಿಯರಿಂದ, ಕಿಡ್ನಿ ಕಸಿ ಆದವರಿಂದ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಂದ ದೂರ ಇರಿ.

7ನೇ ಕ್ರಾಸ್, ಮನೆ 3
ನಮ್ಮ ಮಾವನವರಿಗೆ ಕಿಡ್ನಿ ಕಸಿ ಆಗಿದೆ. ಅವರಿಗೆ?

4ನೇ ಕ್ರಾಸ್, ಮಕ್ಕಳ ಡಾಕ್ಟರ್
ಅವರಿಗೆ ಹಾಕಲ್ಲ, ಜೀವಂತ ಲಸಿಕೆ ಅವರಿಗೆ ಅಪಾಯ. ಮನೆಯ ಉಳಿದವರಲ್ಲಿ ಬಾರದವರೆಲ್ಲ ಹಾಕಿಸಿಕೊಳ್ಳಿ, ಅದೇ ಅವರಿಗೆ ಬೇಲಿ. ಸ್ಟೀರಾಯ್ಡ್ ಮಾತ್ರೆ ವಾರಗಟ್ಟಲೆ ತಗೊಳ್ತಿರುವವರೂ ಮೊದಲು ನನಗೆ ಹೇಳಿ. ಆಸ್ತಮಾದ ಪಫ್‌ಗೆ ತೊಂದರೆಯಿಲ್ಲ.

3ನೇ ಕ್ರಾಸ್, ಮನೆ 27
ತಾಯಿಗೆ ಫೋನ್ ಮಾಡಿದೆ. "ಕಣ್ಣು ಕೆಂಪಾಗಿತ್ತು, ಕೆಮ್ಮು ತುಂಬಾ ಇತ್ತು" ಅಂದರು. ನನ್ನ ಹೆಸರು ಬರ್ಕೊಳ್ಳಿ. ನಮ್ಮ ಕೆಲಸದವಳಿಗೂ ಬಂದಿಲ್ಲವಂತೆ. ಸರ್ಕಾರದ "ನಮ್ಮ ಕ್ಲಿನಿಕ್"ನಲ್ಲಿ ಫ್ರೀ ಸಿಗುತ್ತಾ?

6ನೇ ಕ್ರಾಸ್, ನರ್ಸ್
ಇಲ್ಲ ಮೇಡಂ, ಇದು ಸರ್ಕಾರದ ಲಸಿಕೆ ಪಟ್ಟಿಯಲ್ಲಿ ಇಲ್ಲ, ದುಡ್ಡು ಕೊಟ್ಟೇ ಹಾಕಿಸಬೇಕು. ಎರಡು ಡೋಸ್ ಅಂದರೆ ಅವರ ಸಂಬಳದಲ್ಲಿ ದೊಡ್ಡ ಭಾಗವೇ ಹೋಗುತ್ತೆ.

5ನೇ ಕ್ರಾಸ್, ಮನೆ 18
ಸಂಘದ ನಿಧಿಯಿಂದ ಕೊಡಬಹುದಲ್ಲ?

ಸಂಘದ ಕಾರ್ಯದರ್ಶಿ
ಅದು ಸಭೆಯಲ್ಲಿ ತೀರ್ಮಾನ ಆಗಬೇಕು, ಇಲ್ಲಿ ಹೂಂ ಅನ್ನೋಕಾಗಲ್ಲ. ಸದ್ಯಕ್ಕೆ 80 ಅಡಿ ರಸ್ತೆಯ ಕ್ಲಿನಿಕ್ ಜೊತೆ ಮಾತಾಡ್ತೀನಿ, ಸಮುದಾಯ ಭವನ ರದ್ದು. ಮೇ 10, ಜೂನ್ 14, ಬಿಟ್ಟುಹೋದವರಿಗೆ ಜೂನ್ 28. ಹೆಸರು ಕೊಡುವಾಗ ವಯಸ್ಸು, ಹಿಂದೆ ಹಾಕಿಸಿದ ಡೋಸ್ ತಾರೀಖು, ಕಳೆದ ಒಂದು ತಿಂಗಳಲ್ಲಿ ಎಂಎಂಆರ್ ಆಗಿದೆಯಾ, ಇಷ್ಟೂ ಬರೆಯಿರಿ. ಗರ್ಭಿಣಿಯರ ವಿಚಾರ ಗುಂಪಿನಲ್ಲಿ ಬೇಡ, ಡಾಕ್ಟರಿಗೆ ನೇರವಾಗಿ ಹೇಳಿ.

2ನೇ ಕ್ರಾಸ್, ಪಿ.ಜಿ. ಎದುರು ಮನೆ
ಪಿ.ಜಿ. ಓನರ್ ಫೋನ್ ಎತ್ತುತ್ತಿಲ್ಲ. ಹುಡುಗರಲ್ಲಿ ಇಬ್ಬರು ಈ ತಿಂಗಳ ಕೊನೆಗೆ ರೂಮ್ ಖಾಲಿ ಮಾಡ್ತಾರಂತೆ, ಎರಡನೇ ಡೋಸ್ ಎಲ್ಲಿ ಹಾಕಿಸ್ತಾರೋ ಗೊತ್ತಿಲ್ಲ. ನಾನು ಈಗಲೇ ಹೋಗಿ ಬಾಗಿಲು ತಟ್ಟುತ್ತೀನಿ. ಯಾರಾದರೂ ಜೊತೆಗೆ ಬರ್ತೀರಾ? ಚಿಕನ್ ಪಾಕ್ಸ್ ಬಂದು ಹೋದವರೇ ಬನ್ನಿ.