ಹೊಸ ರೂಟರ್ ಬಂದ ಮೇಲೆ ಸ್ಮಾರ್ಟ್ ಪ್ಲಗ್ ಸೇರ್ತಿಲ್ಲ

ಪ್ರಶ್ನೆ (ದಾವಣಗೆರೆ, ವಿದ್ಯಾನಗರ): ಗೀಸರ್‌ಗೆ ಅಂತ ತಂದ 16 ಆಂಪ್ ಸ್ಮಾರ್ಟ್ ಪ್ಲಗ್ ಹೊಸ ಫೈಬರ್ ರೂಟರ್‌ಗೆ ಸೇರ್ತಾನೇ ಇಲ್ಲ. ಪಾಸ್‌ವರ್ಡ್ ಸರಿ ಇದೆ, ಫೋನು ಟಿವಿ ಎಲ್ಲ ಚೆನ್ನಾಗೇ ಓಡ್ತಿವೆ. ಹಳೇ ರೂಟರ್‌ಗೆ ಇಂಥದ್ದೇ ಪ್ಲಗ್ ಒಂದೇ ಏಟಿಗೆ ಸೇರಿತ್ತು. ಯಾರಿಗಾದ್ರೂ ಹೀಗಾಗಿದೆಯಾ?

ಹರಿಹರದಿಂದ: ನೆಟ್ ಸ್ಲೋ ಇದ್ರೆ ಹಿಂಗೇ ಆಗೋದು ಸರ್. ನಮ್ಮನೇಲಿ ಸಂಜೆ ಹೊತ್ತು ಟಿವಿನೇ ಸುತ್ತುತ್ತಾ ಕೂರ್ತಿತ್ತು, ಪ್ಲಾನ್ ಏರಿಸಿದ್ವಿ, ಸರಿಹೋಯ್ತು.

ದಾವಣಗೆರೆ, ಪಿ.ಜೆ. ಬಡಾವಣೆಯಿಂದ: ಸ್ಪೀಡಿಗೂ ಇದಕ್ಕೂ ಸಂಬಂಧ ಇಲ್ರೀ. ಪ್ಲಗ್‌ಗೆ 2.4 ಗಿಗಾಹರ್ಟ್ಸ್ ಒಂದೇ ಗೊತ್ತು, 5 ಕಾಣೋದೇ ಇಲ್ಲ. ನಿಮ್ಮ ರೂಟರ್ ಎರಡನ್ನೂ ಒಂದೇ ಹೆಸರಲ್ಲಿ ಕೊಡ್ತಿರಬೇಕು. ಎರಡಕ್ಕೂ ಬೇರೆ ಬೇರೆ ಹೆಸರು ಇಡ್ರಿ. ಮತ್ತೆ ಯಾವತ್ತೂ ಒಂದು ಮಾಡಬೇಡ್ರಿ, ಮಾಡಿದ ದಿನವೇ ಪ್ಲಗ್ ಬಿದ್ದುಹೋಗುತ್ತೆ.

ಚಿತ್ರದುರ್ಗದಿಂದ (ನೆಟ್‌ವರ್ಕ್ ಕೆಲಸ ಮಾಡೋನು): ಮೇಲಿನವರು ಹೇಳಿದ ಮೊದಲರ್ಧ ಸರಿ. ಆದ್ರೆ ಹೆಸರು ಒಂದೇ ಇದ್ರೆ ಪ್ಲಗ್‌ಗೆ ತೊಂದರೆ ಇಲ್ಲ, ಅದು ತನಗೆ ಕಾಣೋ 2.4ಕ್ಕೇ ಹೋಗುತ್ತೆ. ಎಡವಟ್ಟಾಗೋದು ಸಾಮಾನ್ಯವಾಗಿ ಸೇರಿಸೋ ಹೊತ್ತಲ್ಲಿ, ಅದೂ ಫೋನ್ ಕಡೆಯಿಂದ.

ಪ್ಲಗ್‌ನ ಲೈಟು ಬೇಗ ಬೇಗ ಮಿನುಗುವಾಗ ಅದು ಇನ್ನೂ ಯಾವ ವೈಫೈಗೂ ಸೇರಿಲ್ಲ, ಗಾಳಿಯಲ್ಲಿ ಹೋಗೋದನ್ನ ಸುಮ್ಮನೆ ಕೇಳಿಸ್ಕೊಳ್ತಾ ಕೂತಿರುತ್ತೆ. ಆ್ಯಪ್ ಆಗ ನಿಮ್ಮ ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಪ್ಯಾಕೆಟ್‌ಗಳ ಉದ್ದದಲ್ಲಿ ಅಡಗಿಸಿ ಕಳಿಸುತ್ತೆ. ಒಳಗಿರೋದನ್ನ ಪ್ಲಗ್ ಓದಲಾರದು, ಉದ್ದವನ್ನಷ್ಟೇ ಅಳೀಬಲ್ಲದು, ಅಷ್ಟೇ ಸಾಕು. ಈಗ ಬ್ಯಾಂಡ್ ಸ್ಟೀರಿಂಗ್ ನಿಮ್ಮ ಫೋನನ್ನ 5ಕ್ಕೆ ಎಳ್ಕೊಂಡಿದೆ ಅನ್ಕೊಳ್ಳಿ. ಫೋನ್ ಮಾತಾಡ್ತಿರೋದು ಅಲ್ಲಿ, ಪ್ಲಗ್ ಕಿವಿಗೊಟ್ಟಿರೋದು ಇಲ್ಲಿ. ಕೆಲವು ರೂಟರ್ ಆ ಪ್ಯಾಕೆಟ್‌ಗಳನ್ನ 2.4ರಲ್ಲೂ ಮರಳಿ ಬಿಡ್ತವೆ, ಅದಕ್ಕೇ ಕೆಲವರಿಗೆ ಏನೂ ಮಾಡದೇ ಸೇರಿಬಿಡುತ್ತೆ.

ಫೋನ್‌ನಲ್ಲಿ ಈಗಿರೋ ವೈಫೈ ಮೇಲೆ ಒತ್ತಿ ವಿವರ ನೋಡಿ. Frequency ಅನ್ನೋ ಕಡೆ 5 GHz ಅಂತಿದ್ರೆ ಕಾರಣ ಬಹುಶಃ ಇದೇ.

ಮೊನ್ನೆ ಇಲ್ಲೊಂದು ಮನೇಲಿ ಹಿಂಗೇ ಆಗಿತ್ತು. ರೂಟರ್ ಪೇಜಿಗೆ ಹೋಗಿ (ವಿಳಾಸ ರೂಟರ್ ಬೆನ್ನಿನ ಸ್ಟಿಕ್ಕರ್‌ನಲ್ಲಿರುತ್ತೆ, ಹೆಚ್ಚಾಗಿ `192.168.1.1`) Band Steering ಆಫ್ ಮಾಡಿ, 5ರ ರೇಡಿಯೋವನ್ನೂ ಸ್ವಲ್ಪ ಹೊತ್ತು ಆರಿಸಿದೆ. ಹೆಸರು ಮುಟ್ಟಲಿಲ್ಲ. ಫೋನ್ ತಾನಾಗೇ 2.4ಕ್ಕೆ ಬಂತು, ಹಾಲ್‌ನ ಪ್ಲಗ್ ತಕ್ಷಣ ಸೇರ್ತು. ಬಚ್ಚಲುಮನೆಯದ್ದು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅದು ಬೇರೆ ಕಂಪನಿಯ ಹಳೇ ಮಾಡೆಲ್. ಸೆಕ್ಯುರಿಟಿ ನೋಡಿದ್ರೆ WPA2/WPA3 ಅಂತಿತ್ತು, ಬರೀ WPA2-PSK ಮಾಡಿದ ಮೇಲೆ ಅದೂ ಬಂತು. ಆಮೇಲೆ 5 ಆನ್ ಮಾಡಿದೆ. ಎರಡೂ ಪ್ಲಗ್ ಅಲ್ಲೇ ಇವೆ, ಒಂದೇ ಹೆಸರಲ್ಲೇ.

ಕಂಪನಿಯವರು ಕೊಟ್ಟ ರೂಟರ್‌ನಲ್ಲಿ ಈ ಮೆನು ತೆಗೆಯೋಕೆ ಬಿಡದಿದ್ರೆ ಪ್ಲಗ್‌ನ ಬಟನ್ ಮತ್ತೊಮ್ಮೆ ಒತ್ತಿ ಹಿಡೀರಿ. ಲೈಟು ನಿಧಾನಕ್ಕೆ ಮಿನುಗೋಕೆ ಶುರುವಾದ್ರೆ ಪ್ಲಗ್ ತನ್ನದೇ ಹಾಟ್‌ಸ್ಪಾಟ್ ಬಿಟ್ಟಿದೆ ಅಂತ. ಫೋನನ್ನ ಅದಕ್ಕೇ ಸೇರಿಸಿ, ಪಾಸ್‌ವರ್ಡ್ ನೇರವಾಗಿ ಅದರ ಕೈಗೆ ಹೋಗುತ್ತೆ. ಎಲ್ಲಾ ಪ್ಲಗ್‌ನಲ್ಲೂ ಈ ಸೌಲಭ್ಯ ಇರಲ್ಲ.

ಹೊಳಲ್ಕೆರೆಯಿಂದ: ನಾನು ರೂಟರ್‌ನಲ್ಲಿ ಗೆಸ್ಟ್ ವೈಫೈ 2.4ರಲ್ಲಿ ಮಾತ್ರ ಮಾಡಿ ತೋಟದ ಮನೆ ಪ್ಲಗ್‌ಗಳನ್ನೆಲ್ಲ ಅದಕ್ಕೇ ಹಾಕಿದ್ದೀನಿ. ಸೇರಿಸೋದು ಸಲೀಸು. ಆದ್ರೆ ನೆಟ್ ಹೋದಾಗ, ಪಕ್ಕದಲ್ಲೇ ನಿಂತಿದ್ರೂ ಫೋನಿಂದ ಆನ್ ಆಗಲ್ಲ.

ಚಿತ್ರದುರ್ಗದಿಂದ: ಹೌದಣ್ಣ, ಗೆಸ್ಟ್‌ನಲ್ಲಿರೋದಕ್ಕೂ ಮನೆ ವೈಫೈನಲ್ಲಿರೋದಕ್ಕೂ ರೂಟರ್ ನಡುವೆ ಗೋಡೆ ಹಾಕಿರುತ್ತೆ. ಆಗ ನಿಮ್ಮ ಮಾತು ಪ್ಲಗ್ ಕಂಪನಿಯ ಸರ್ವರ್ ಸುತ್ತಿಯೇ ಬರಬೇಕು.

ಪ್ರಶ್ನೆ ಕೇಳಿದವರು: ಫೋನ್‌ನಲ್ಲಿ 5 GHz ಅಂತಲೇ ಇತ್ತು ಸರ್. 5 ಆರಿಸಿದೆ, ಸೇರ್ತು. ಆಮೇಲೆ ಎಲ್ಲಾ ಮೊದಲಿನಂಗೆ ಮಾಡಿದೆ, ಸ್ಟೀರಿಂಗ್ ಕೂಡ ಆನ್. ಇವತ್ತು ಕರೆಂಟ್ ಹೋಗಿ ಬಂದ ಮೇಲೆ ಪ್ಲಗ್ ಮತ್ತೆ ಆಫ್‌ಲೈನ್. ಸ್ವಿಚ್ ತೆಗೆದು ಹಾಕಿದ್ರೆ ಬರುತ್ತೆ.

ಪಿ.ಜೆ. ಬಡಾವಣೆಯಿಂದ: ನೋಡ್ರಿ, ನಾ ಹೇಳಿದ್ದೇ ಆಯ್ತು!

ಚಿತ್ರದುರ್ಗದಿಂದ: ಪೂರ್ತಿ ಅಲ್ಲಣ್ಣ, ಆದ್ರೆ ತೆಗೆದುಹಾಕೋ ಹಾಗೂ ಇಲ್ಲ. ಕೆಲವು ರೂಟರ್‌ಗಳ ಸ್ಟೀರಿಂಗ್, 2.4ರಲ್ಲಿ ಬಂದು ಕೇಳಿದವರಿಗೆ ಮೊದಲು ಉತ್ತರವನ್ನೇ ಕೊಡಲ್ಲ, 5ಕ್ಕೆ ಹೋಗ್ಲಿ ಅಂತ. ಪ್ಲಗ್ ಹೋಗೋದಾದ್ರೂ ಎಲ್ಲಿಗೆ? ಒಳ್ಳೇ ರೂಟರ್ ಒಂದೆರಡು ಸಲ ಸುಮ್ಮನಿದ್ದು ಒಳಗೆ ಬಿಡುತ್ತೆ, ತಾಳ್ಮೆ ಇಲ್ಲದ ಪ್ಲಗ್ ಅಷ್ಟರಲ್ಲಿ ಕೈಬಿಟ್ಟಿರುತ್ತೆ. ಇಲ್ಲಾಂದ್ರೆ ರೂಟರ್ ಏಳೋಕೆ ತಡವಾಗಿ, ಪ್ಲಗ್ ಅದಕ್ಕೂ ಮುಂಚೆಯೇ ಹುಡುಕಿ ಸೋತಿರಬಹುದು. ಸ್ಟೀರಿಂಗ್ ಮಾತ್ರ ಆಫ್ ಮಾಡಿ, ಹೆಸರು ಒಂದೇ ಇರ್ಲಿ. ಮುಂದಿನ ಸಲ ಕರೆಂಟ್ ಹೋಗಿ ಬಂದಾಗ್ಲೂ ಬೀಳ್ತು ಅಂದ್ರೆ ತಪ್ಪು ಸ್ಟೀರಿಂಗ್‌ದಲ್ಲ. ಆಗ ರೂಟರ್‌ಗೆ ಪುಟ್ಟ ಯುಪಿಎಸ್ ಹಾಕಿ ನೋಡಿ.

ಪ್ರಶ್ನೆ ಕೇಳಿದವರು: ಆಫ್ ಮಾಡಿದ್ದೀನಿ ಸರ್. ಕರೆಂಟ್ ಹೋದ್ಮೇಲೆ ಬರೀತೀನಿ.