ಪದ ಬೇಕು (ನಾಳೆ ಸಂಜೆಯೊಳಗೆ): ಕ್ಯಾಲೊರಿ ಡೆನ್ಸಿಟಿ, ಸಟೈಟಿ

ಸುಮಾ, ಮೈಸೂರು

ಬಳಗದವರಿಗೆ ನಮಸ್ಕಾರ. ತಾಲ್ಲೂಕು ಆಸ್ಪತ್ರೆಯೊಂದರ ಹೊರರೋಗಿ ವಿಭಾಗದಲ್ಲಿ ತೂಗುಹಾಕುವ ಫಲಕವೊಂದರ ಅನುವಾದ ನನ್ನ ಪಾಲಿಗೆ ಬಂದಿದೆ. ನಾಳೆ ಸಂಜೆ ಮುದ್ರಣಕ್ಕೆ ಕೊಡಬೇಕು. ಫಲಕದಲ್ಲಿ ಎರಡು ತಟ್ಟೆಗಳ ಚಿತ್ರವಿದೆ. ಒಂದರಲ್ಲಿ ಸುಮಾರು 145 ಗ್ರಾಂ ಹಸಿ ದ್ರಾಕ್ಷಿ, ತಟ್ಟೆ ತುಂಬಿದೆ. ಇನ್ನೊಂದರಲ್ಲಿ 33 ಗ್ರಾಂ ಒಣದ್ರಾಕ್ಷಿ, ಸಣ್ಣದೊಂದು ಹಿಡಿ. ಎರಡರಲ್ಲೂ ಇರುವುದು ನೂರು ಕ್ಯಾಲೊರಿಯೇ, ನಡುವೆ ಹೋದದ್ದು ನೀರು ಮಾತ್ರ. ಶೀರ್ಷಿಕೆಗೆ ‘ಕ್ಯಾಲೊರಿ ಸಾಂದ್ರತೆ’ ಎಂದೂ ಸಟೈಟಿಗೆ ‘ಸಂತೃಪ್ತಿ’ ಎಂದೂ ಬರೆದಿದ್ದೇನೆ. ಎರಡನೆಯದು ಮದುವೆಮನೆಯ ಮಾತಿನಂತೆ ಕೇಳುತ್ತದೆ. ಬೇರೆ ಪದ ಹೊಳೆದರೆ ತಿಳಿಸಿ.

ರಾಮರಾವ್, ಶಿವಮೊಗ್ಗ

‘ಸಾಂದ್ರತೆ’ ತಪ್ಪು. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದ್ದೇನೆ. ಸಾಂದ್ರತೆಯೆಂದರೆ ಗಾತ್ರದಿಂದ ಭಾಗಿಸಿದ್ದು. ನಿಮ್ಮ ಫಲಕ ಗ್ರಾಮಿನಿಂದ ಭಾಗಿಸುತ್ತಿದೆ. ಎಣ್ಣೆಯನ್ನೇ ನೋಡಿ. ನೀರಿನ ಮೇಲೆ ತೇಲುತ್ತದೆ, ಅಂದರೆ ಅದರ ಸಾಂದ್ರತೆ ನೀರಿಗಿಂತ ಕಡಿಮೆ. ಆದರೆ ಗ್ರಾಮಿಗೆ ಒಂಬತ್ತು ಕ್ಯಾಲೊರಿ, ನೀರಿಗೆ ಸೊನ್ನೆ. ಹತ್ತನೆಯ ತರಗತಿಯ ಹುಡುಗನೊಬ್ಬ ಫಲಕದ ಮುಂದೆ ನಿಂತರೆ ಕಲಿತದ್ದೆಲ್ಲ ತಲೆಕೆಳಗಾಗುತ್ತದೆ. ‘ಗ್ರಾಮಿಗೆ ಕ್ಯಾಲೊರಿ’ ಎಂದು ಬರೆಯಿರಿ.

ಬಸವರಾಜ, ದಾವಣಗೆರೆ

ಸಾಂದ್ರತೆ, ಸಂತೃಪ್ತಿ! ಹಳ್ಳಿಯಿಂದ ಬಂದ ರೋಗಿಗೆ ಈ ಸಂಸ್ಕೃತದ ಮೂಟೆ ಯಾಕೆ? ನಮ್ಮಲ್ಲಿ ‘ತಣಿವು’ ಇದೆ. ತಣ್ಣಗೆ, ತಂಪು, ತಣಿ ಎಲ್ಲ ಒಂದೇ ಬೇರಿನವು. ಹಸಿವೆಂಬ ಉರಿ ಆರಿ ತಂಪಾಗುವುದೇ ತಣಿವು. ಹಸಿವನ್ನು ಬೆಂಕಿಯೆಂದು ಕಂಡವರು ಕಟ್ಟಿದ ಪದ ಅದು. ‘ತೃಪ್ತಿ’ಯಲ್ಲಿ ಆ ಬಿಸಿ ಎಲ್ಲಿದೆ? ಎನರ್ಜಿಗೆ ‘ಕಸುವು’, ಡೆನ್ಸಿಟಿಗೆ ‘ದಟ್ಟಣೆ’. ಕಸುವಿನ ದಟ್ಟಣೆ, ತಣಿವು. ಮುಗಿಯಿತು.

ನಾಗರತ್ನ, ತುಮಕೂರು

ನೀರಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಊಟಕ್ಕೆ ಕುಳಿತಾಗಲೆಲ್ಲ ಎರಡು ಲೋಟ ನೀರು ಕುಡಿಯುವ ಅಭ್ಯಾಸ ಮಾಡಿಕೊಂಡು ಒಂದು ವರ್ಷವಾಯಿತು. ತೂಕ ಒಂದು ಕಿಲೋ ಸಹ ಇಳಿದಿಲ್ಲ. ಅನ್ನ ಎಂದಿನಷ್ಟೇ ಹೋಗುತ್ತದೆ. ನೀರಿನಿಂದ ಹೊಟ್ಟೆ ತುಂಬುತ್ತದೆ ಎಂದು ಫಲಕದಲ್ಲಿ ಹಾಕಿದರೆ ಜನರಿಗೆ ಮೋಸ ಮಾಡಿದಂತಾಗುವುದಿಲ್ಲವೇ?

ಗಿರಿಜಾ, ಹುಬ್ಬಳ್ಳಿ

ಆಹಾರತಜ್ಞೆಯಾಗಿ ನಾನು ದಿನವೂ ಈ ಮಾತುಗಳನ್ನು ಆಡಬೇಕಾಗುತ್ತದೆ. ಮೊದಲು ನಾಗರತ್ನ ಅವರಿಗೆ. ನಿಮ್ಮ ಅನುಭವ ಸುಳ್ಳಲ್ಲ, ಆದರೆ ಫಲಕ ಹೇಳುತ್ತಿರುವುದು ಬೇರೆ ನೀರು. 1999ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾರ್ಬರಾ ರೋಲ್ಸ್ ಮತ್ತು ಜೊತೆಗಾರರು 24 ಮಹಿಳೆಯರಿಗೆ ಊಟಕ್ಕೆ ಮೊದಲು ಕೋಳಿ ಮತ್ತು ಅನ್ನದ ತಿನಿಸೊಂದನ್ನು ಕೊಟ್ಟರು. ಒಂದು ದಿನ ಹಾಗೆಯೇ, ಒಂದು ದಿನ ಪಕ್ಕದಲ್ಲಿ ಲೋಟ ನೀರು ಇಟ್ಟು, ಇನ್ನೊಂದು ದಿನ ಅಷ್ಟೇ ನೀರನ್ನು ಅದರೊಳಗೇ ಬೇಯಿಸಿ ಸೂಪ್ ಮಾಡಿ. ಲೋಟದ ನೀರಿನಿಂದ ಏನೂ ವ್ಯತ್ಯಾಸವಾಗಲಿಲ್ಲ. ಸೂಪ್ ಕುಡಿದ ದಿನ ಮುಂದಿನ ಊಟದಲ್ಲಿ ಸುಮಾರು ನೂರು ಕ್ಯಾಲೊರಿ ಕಡಿಮೆ ತಿಂದರು.

ಕಾರಣ ಜಠರದಲ್ಲಿದೆ. ಜಠರದ ಗೋಡೆ ಹಿಗ್ಗಿದಾಗ ಆ ಸುದ್ದಿ ವೇಗಸ್ ನರದ ಮೂಲಕ ಮಿದುಳಿಗೆ ಹೋಗುತ್ತದೆ. ಪಕ್ಕದಲ್ಲಿ ಕುಡಿದ ನೀರು ಅನ್ನದ ಪಕ್ಕದಿಂದ ಸೋರಿ ಬೇಗ ಕರುಳಿಗೆ ಇಳಿದುಬಿಡುತ್ತದೆ. ಅನ್ನದೊಡನೆ ಬೆರೆತ ನೀರು ಅಷ್ಟು ಬೇಗ ಇಳಿಯುವುದಿಲ್ಲ, ಆದ್ದರಿಂದ ಹಿಗ್ಗು ಹೆಚ್ಚು ಹೊತ್ತು ಉಳಿಯುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ಎರಡು ಲೋಟ ನೀರು ಕುಡಿದ ವಯಸ್ಸಾದವರು ಸ್ವಲ್ಪ ಕಡಿಮೆ ಉಂಡದ್ದೂ ಪ್ರಯೋಗಗಳಲ್ಲಿ ಕಂಡಿದೆ, ಎಳೆಯರಲ್ಲಿ ಹಾಗಾಗಲಿಲ್ಲ. ಹಾಗಾಗಿ ಲೋಟದ ನೀರಿನ ವಿಷಯದಲ್ಲಿ ನಾನು ಕಡ್ಡಿ ಮುರಿದಂತೆ ಹೇಳಲಾರೆ. ನೀವು ನೀರನ್ನು ಸಾರಿನಲ್ಲಿ, ಸೋರೆಕಾಯಿಯ ಪಲ್ಯದಲ್ಲಿ, ಅಂಬಲಿಯಲ್ಲಿ ತೆಗೆದುಕೊಂಡು ನೋಡಿ.

ರಾಮರಾಯರೇ, ‘ಜನಸಾಂದ್ರತೆ’ ಎನ್ನುವಾಗ ಯಾವ ಗಾತ್ರದಿಂದ ಭಾಗಿಸುತ್ತೀರಿ? ಚದರ ಕಿಲೋಮೀಟರಿನಿಂದ. ಪದ ಭೌತಶಾಸ್ತ್ರದ ಮನೆ ಬಿಟ್ಟು ಹೊರಗೆ ಬಂದು ಬಹಳ ಕಾಲವಾಯಿತು.

ರಾಮರಾವ್, ಶಿವಮೊಗ್ಗ

ಜನಸಾಂದ್ರತೆಯ ಮಾತು ಒಪ್ಪಿದೆ. ಆದರೆ ನನ್ನ ಆಕ್ಷೇಪಣೆ ಉಳಿದೇ ಇದೆ. ಮಂಡಕ್ಕಿಯನ್ನು ಎಲ್ಲಿ ಇಡುತ್ತೀರಿ? ಅದು ಬರೀ ಗಾಳಿ.

ಗಿರಿಜಾ, ಹುಬ್ಬಳ್ಳಿ

ಒಳ್ಳೆಯ ಪ್ರಶ್ನೆ. ಗ್ರಾಮಿನ ಲೆಕ್ಕದಲ್ಲಿ ಮಂಡಕ್ಕಿ ಒಣ ಅಕ್ಕಿಯ ಸಾಲಿಗೇ ಸೇರುತ್ತದೆ, ಮೂರೂವರೆ ಕ್ಯಾಲೊರಿಯ ಆಸುಪಾಸು. ಬೆಂದ ಅನ್ನ ನೀರು ಕುಡಿದಿರುವುದರಿಂದ ಒಂದೂಕಾಲರ ಹತ್ತಿರ. ಆದರೆ ಬಟ್ಟಲಿನ ಲೆಕ್ಕಕ್ಕೆ ಬಂದರೆ ಮಂಡಕ್ಕಿಯೇ ಹಗುರ. ಗಾಳಿಗೂ ಕೆಲಸವಿದೆ. ಅದೇ ತಂಡ ಅಷ್ಟೇ ಕ್ಯಾಲೊರಿಯ ಮೊಸರಿನ ಪಾನೀಯಕ್ಕೆ ಗಾಳಿ ಕಡೆದು 300 ಮಿಲಿಲೀಟರಿನಿಂದ 600ಕ್ಕೆ ಉಬ್ಬಿಸಿ ಕೊಟ್ಟಾಗ, ಕುಡಿದ ಗಂಡಸರು ಮುಂದಿನ ಊಟದಲ್ಲಿ ಕಡಿಮೆ ತಿಂದರು. ನಾವು ಗ್ರಾಮಿಗೆ ಅಂಟಿಕೊಂಡಿರುವುದು ತಕ್ಕಡಿ ಎಲ್ಲರ ಬಳಿ ಇದೆ, ಗಾಳಿಯನ್ನು ಅಳೆಯುವುದು ಕಷ್ಟ ಎಂಬುದಕ್ಕೆ. ಹೊಟ್ಟೆಗೆ ತೂಕ ಮುಖ್ಯವೋ ಗಾತ್ರ ಮುಖ್ಯವೋ ಎಂಬುದನ್ನು ನಿಮ್ಮ ಭಾಗಾಕಾರದಿಂದ ತೀರ್ಮಾನಿಸಲಾಗದು.

ಬಸವರಾಜ ಅವರೇ, ‘ದಟ್ಟಣೆ’ ಖಂಡಿತ ಬೇಡ. ನನ್ನ ರೋಗಿಗಳು ದಟ್ಟವೆಂದರೆ ಗಟ್ಟಿ ಸಾಂಬಾರು, ಗಟ್ಟಿ ಮೊಸರು ಎಂದುಕೊಳ್ಳುತ್ತಾರೆ. ಗರಿಗರಿ ಚಕ್ಕುಲಿಯನ್ನು ಯಾರೂ ದಟ್ಟ ಎನ್ನುವುದಿಲ್ಲ, ಆದರೆ ಎಣ್ಣೆ ಹೀರಿ ನೀರು ಕಳೆದುಕೊಂಡ ಅದರಲ್ಲಿ ಗ್ರಾಮಿಗೆ ಐದು ಕ್ಯಾಲೊರಿಯಷ್ಟಿದೆ.

ಬಸವರಾಜ, ದಾವಣಗೆರೆ

ಹಾಗಾದರೆ ‘ಸಾಂದ್ರ’ ಎಂದರೆ ರೋಗಿಗೆ ತಿಳಿಯುತ್ತದೆಯೇ? ತಿಳಿಯದ ಪದಕ್ಕೆ ತಪ್ಪು ಅರ್ಥ ಬರುವುದಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆಯೇ? ‘ಕ್ಯಾಲೊರಿ’ಯನ್ನು ತಂದವರು ‘ಡೆನ್ಸಿಟಿ’ಯನ್ನೂ ತನ್ನಿ, ನಡುವೆ ಸಂಸ್ಕೃತದ ಸೇತುವೆ ಬೇಡ. ಕಡ ತರುವುದಿದ್ದರೆ ಜನ ತಂದಲ್ಲಿಂದ ತರಬೇಕು. ಬಸ್ಸನ್ನು ಜನ ತಂದರು, ‘ಸಾಂದ್ರತೆ’ಯನ್ನು ಪಠ್ಯಪುಸ್ತಕದವರು ತಂದರು.

ರಾಮರಾವ್, ಶಿವಮೊಗ್ಗ

ಪಠ್ಯಪುಸ್ತಕ ಓದಿದವರು ಜನರಲ್ಲವೇ?

ಗಿರಿಜಾ, ಹುಬ್ಬಳ್ಳಿ

ಈ ಜಗಳ ನಾಳೆ ಸಂಜೆಯೊಳಗೆ ಮುಗಿಯದು. ಸುಮಾ ಅವರ ಎರಡನೆಯ ಪದದಲ್ಲಿ ಇದಕ್ಕಿಂತ ದೊಡ್ಡ ತೊಡಕಿದೆ. ಹಸಿವು, ಊಟಗಳ ಬಗ್ಗೆ ಸಂಶೋಧನೆ ಮಾಡುವವರು ಎರಡು ಸಂಗತಿಗಳನ್ನು ಬೇರೆ ಮಾಡುತ್ತಾರೆ. ಊಟದ ನಡುವೆ ಸಾಕೆನಿಸಿ ಕೈ ತೊಳೆಯುವುದು ಒಂದು, ಅದಾದ ಮೇಲೆ ಮುಂದಿನ ಊಟದವರೆಗೆ ಹಸಿವಾಗದಿರುವುದು ಇನ್ನೊಂದು. ಸಟೈಟಿ ಎರಡನೆಯದರ ಹೆಸರು. ಫಲಕದ ದ್ರಾಕ್ಷಿ ತಟ್ಟೆ ತೋರಿಸುವುದು ಹೆಚ್ಚಾಗಿ ಮೊದಲನೆಯದನ್ನು. ತಣಿವು, ತೃಪ್ತಿ ಎರಡೂ ಈ ಭೇದವನ್ನು ನುಂಗಿಹಾಕುತ್ತವೆ.

ನಮ್ಮ ಅಡುಗೆಮನೆಯಲ್ಲಿ ಭೇದ ಆಗಲೇ ಇದೆ. ಕಲ್ಲಂಗಡಿ ತಿಂದರೆ ಹೊಟ್ಟೆ ತುಂಬುತ್ತದೆ, ಆದರೆ ತಡೆಯುವುದಿಲ್ಲ, ಒಂದು ಗಂಟೆಯಲ್ಲಿ ಮತ್ತೆ ಹಸಿವು. ಮುದ್ದೆ ಮತ್ತು ಹುರುಳಿಸಾರು ಉಂಡರೆ ಸಂಜೆಯವರೆಗೆ ತಡೆಯುತ್ತದೆ. ನೀರು ಮತ್ತು ಗಾತ್ರ ತುಂಬಿಸುವ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. ತಡೆಯುವುದಕ್ಕೆ ಪ್ರೋಟೀನು, ನಾರು ಜೊತೆಗಿರಬೇಕು.

ನಾಗರತ್ನ, ತುಮಕೂರು

ನಮ್ಮತ್ತೆ ಗದ್ದೆಗೆ ಹೊರಟವರಿಗೆ ಬಡಿಸುವಾಗ ‘ಇದು ತಡೆಯುತ್ತದೆಯೇ, ಇನ್ನೊಂದು ತುತ್ತು ಹಾಕಲೇ’ ಎಂದೇ ಕೇಳುತ್ತಿದ್ದರು. ಇಂದಿನಿಂದ ಎರಡು ಲೋಟ ನೀರು ಬಿಟ್ಟು ಒಂದು ಬಟ್ಟಲು ತಿಳಿಸಾರು ಮೊದಲು ಕುಡಿದು ನೋಡುತ್ತೇನೆ.

ಸುಮಾ, ಮೈಸೂರು

ಕರಡು ಹಿಡಿದು ಇಂದು ಬೆಳಿಗ್ಗೆ ಒಬ್ಬ ಆಶಾ ಕಾರ್ಯಕರ್ತೆಗೆ ಓದಿಸಿದೆ. ‘ಸಂತೃಪ್ತಿ’ಗೆ ಅವರು ಏನೂ ಹೇಳಲಿಲ್ಲ. ‘ತಣಿವು’ ಓದಿ ಇದು ಜ್ವರದ ಫಲಕವೇ ಎಂದು ಕೇಳಿದರು. ‘ಹೊಟ್ಟೆ ತುಂಬುತ್ತದೆ’ ಎಂಬುದಕ್ಕೆ ತಲೆಯಾಡಿಸಿದರು. ‘ತಡೆಯುತ್ತದೆ’ ಎಂದಾಗ ಮಾತ್ರ, ‘ಹಸಿವನ್ನೇ ಕೊಲ್ಲುತ್ತದೆ ಎಂದಲ್ಲ ತಾನೇ?’ ಎಂದರು. ಮಾತ್ರೆಯಿಂದ ಹಸಿವು ಕಟ್ಟಿಹೋದವರನ್ನು ಅವರು ಕಂಡಿದ್ದಾರಂತೆ. ಆದ್ದರಿಂದ ‘ಸಂಜೆಯವರೆಗೆ ತಡೆಯುತ್ತದೆ’ ಎಂದು ಹೊತ್ತನ್ನೂ ಸೇರಿಸಿದೆ.

ಮುದ್ರಣಕ್ಕೆ ಕೊಟ್ಟದ್ದು ಇದು: ‘ಎರಡು ತಟ್ಟೆಯಲ್ಲೂ ನೂರು ಕ್ಯಾಲೊರಿ. ನೀರಿರುವ ತಿನಿಸು ಬೇಗ ಹೊಟ್ಟೆ ತುಂಬಿಸುತ್ತದೆ. ಜೊತೆಗೆ ಕಾಳು, ಬೇಳೆ ಇದ್ದರೆ ಸಂಜೆಯವರೆಗೆ ತಡೆಯುತ್ತದೆ.’ ಶೀರ್ಷಿಕೆಯಲ್ಲಿ ಸಾಂದ್ರತೆಯೂ ಇಲ್ಲ, ದಟ್ಟಣೆಯೂ ಇಲ್ಲ. ಆದರೆ ಇದರ ಜೊತೆಗೆ ಬರುವ ಕೈಪಿಡಿಯಲ್ಲಿ ಆ ಪದವಿಲ್ಲದೆ ನಡೆಯದು, ಅದಕ್ಕೆ ಇನ್ನೂ ಹತ್ತು ದಿನ ಸಮಯವಿದೆ.

ಬಸವರಾಜ, ದಾವಣಗೆರೆ

ಹತ್ತು ದಿನ ಸಾಕು. ಕೈಪಿಡಿಯ ಕರಡು ಕಳಿಸಿ.