ಬಾಡಿಗೆ ಮನೆಯ ಫೋಟೋ: ಅಳಿಸಬಹುದಾದ್ದು, ಅಳಿಸಬಾರದ್ದು

"ಅಕ್ಕಾ, ಮನೆ ಬಾಡಿಗೆಗೆ ಹಾಕ್ತಿದ್ದೀನಿ. ಫೋಟೋದಲ್ಲಿ ರೂಮಿನ ತುಂಬಾ ಸಾಮಾನು, ಮೂಲೆಯಲ್ಲಿ ಕಲೆ, ಬಾಗಿಲ ಮೇಲಿನ ಗೋಡೆಯಲ್ಲಿ ಬಿರುಕು ಕಾಣ್ತಿದೆ. ಎಲ್ಲಾ ಎಡಿಟ್ ಮಾಡಿ ತೆಗೆದ್ರೆ ತಪ್ಪಾ? ತೆಗೆದಿದ್ದೀನಿ ಅಂತ ಹೇಳಲೇಬೇಕಾ?"

ನೀನು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ ಕಣೋ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇನ್ನೂ ಇಬ್ಬರು ಮೂವರು ಮನೆ ಬಾಡಿಗೆಗೆ ಕೊಡುವವರಿದ್ದಾರೆ, ಅವರಿಗೂ ಉಪಯೋಗಕ್ಕೆ ಬರಬಹುದು.

ಸಾಮಾನು ತೆಗೆ. ಕಲೆ, ಬಿರುಕು ಮುಟ್ಟಬೇಡ. ನಾನು ಮನೆಗಳ ಫೋಟೋ ತೆಗೆಯುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಬಾಡಿಗೆಯವರು ಬೀಗದ ಕೈ ತೆಗೆದುಕೊಂಡು ಒಳಗೆ ಬರುವ ದಿನ ಇದು ಇಲ್ಲಿ ಇರುತ್ತದಾ? ಬಟ್ಟೆ, ಸೂಟ್‌ಕೇಸ್, ನೀರಿನ ಬಾಟಲಿ, ಚಾರ್ಜರ್ ವೈರು ಇವೆಲ್ಲ ನಿನ್ನ ಜೊತೆ ಹೊರಟು ಹೋಗುತ್ತವೆ. ಹಾಗಾಗಿ ಫೋಟೋದಿಂದಲೂ ಹೋಗಬಹುದು. ಸ್ವಿಚ್‌ಬೋರ್ಡು, ಗೋಡೆ ಮೇಲೆ ಓಡುವ ಪೈಪು, ಅಡ್ಡ ಬರುವ ಕಂಬ, ಕಿಟಕಿಯಾಚೆ ಕಾಣುವ ಪಕ್ಕದ ಮನೆಯ ಗೋಡೆ, ಇವು ಎಷ್ಟೇ ಚೆನ್ನಾಗಿ ಕಾಣದಿದ್ದರೂ ಅಲ್ಲೇ ಇರುತ್ತವೆ. ಅವನ್ನು ಬಿಟ್ಟುಬಿಡು.

ಆದರೆ ಸಾಮಾನಿನಲ್ಲೂ ಒಂದು ತೊಡಕು ಇದೆ. ಬೀರುವಿನ ಪಕ್ಕದ ಆ ದೊಡ್ಡ ಸೂಟ್‌ಕೇಸ್ ನೋಡು. ಅದನ್ನು ಫೋನಿನಲ್ಲಿ ಅಳಿಸಿದರೆ ಆ ಜಾಗಕ್ಕೆ ಬರುವ ಗೋಡೆ ನಿಜವಾದ ಗೋಡೆ ಅಲ್ವಲ್ಲ. ಸುತ್ತಲಿನ ಬಣ್ಣ ನೋಡಿ ಆ್ಯಪ್ ತಾನೇ ತುಂಬಿಸಿದ್ದು. ಸೂಟ್‌ಕೇಸಿನ ಹಿಂದೆ ತೇವ ಹಿಡಿದಿದ್ದರೂ ಫೋಟೋದಲ್ಲಿ ಗೋಡೆ ಚೊಕ್ಕಟವಾಗಿ ಬರುತ್ತದೆ. ನಿನಗೇ ಗೊತ್ತಿಲ್ಲದ ಗೋಡೆಯನ್ನು ತೋರಿಸಿದ ಹಾಗಾಯಿತು. ಅದಕ್ಕೇ ಮೊದಲು ಕೈಯಲ್ಲಿ ಎತ್ತಿ ಇನ್ನೊಂದು ರೂಮಿಗೆ ಇಟ್ಟು, ಖಾಲಿ ಜಾಗದ ಫೋಟೋ ತೆಗೆ. ಎತ್ತಲು ಆಗದ ಭಾರದ ಸಾಮಾನು ಇದ್ದರೆ ಮಾತ್ರ ಅಳಿಸು. ಅದೂ ಹಿಂದೆ ಇಣುಕಿ ನೋಡಿ, ಅಲ್ಲಿ ಏನೂ ಇಲ್ಲ ಅಂತ ಖಾತ್ರಿ ಆದ ಮೇಲೆ.

ಅಳಿಸಿದ್ದು ಗೊತ್ತಾಗುವುದು ಮೂರು ಕಡೆ. ನೆಲದ ಟೈಲ್ಸ್ ನಡುವಿನ ಗೆರೆ ಅರ್ಧಕ್ಕೆ ನಿಂತಿರುತ್ತದೆ, ಇಲ್ಲ ಸೊಟ್ಟಗಾಗಿರುತ್ತದೆ. ಸಾಮಾನು ಹೋಗಿದ್ದರೂ ಅದರ ನೆರಳು ನೆಲದ ಮೇಲೆ ಉಳಿದಿರುತ್ತದೆ. ಬೀರುವಿನ ಕನ್ನಡಿಯಲ್ಲಿ ಆ ಸಾಮಾನು ಹಾಗೇ ಕಾಣುತ್ತಿರುತ್ತದೆ. ನೀನು ಎಡಿಟ್ ಮಾಡಿ ಕಳಿಸಿದ ಎರಡನೇ ಫೋಟೋದಲ್ಲಿ ಬಟ್ಟೆ ರಾಶಿ ಮಂಚದ ಮೇಲೆ ಇಲ್ಲ, ಕನ್ನಡಿಯಲ್ಲಿ ಇದೆ! ಮನೆ ಹುಡುಕುವವರು ಇಂಥದ್ದನ್ನು ಬೇಗ ಹಿಡಿಯುತ್ತಾರೆ. ಹಿಡಿದ ಮೇಲೆ ಉಳಿದ ಒಳ್ಳೆ ಫೋಟೋಗಳನ್ನೂ ನಂಬುವುದಿಲ್ಲ.

ಅಡುಗೆಮನೆ ಫೋಟೋದಲ್ಲಿ ಒಲೆ ಹಿಂದೆ ಕಾಣುವ ಎಣ್ಣೆ ಜಿಡ್ಡಿಗೆ ಎಡಿಟಿಂಗ್ ಯಾಕೆ? ಸೋಪು ನೀರು ಹಾಕಿ ಉಜ್ಜಿ ಫೋಟೋ ತೆಗೆ.

ಈಗ ಮೂಲೆಯ ಕಲೆ. ಇದೇ ನನಗೆ ಚಿಂತೆ ತಂದದ್ದು. ಅದರ ಅಂಚು ನೋಡು, ಕಂದು ಬಣ್ಣದ ಗೆರೆ ಇದೆ, ನಡುವೆ ತೆಳು ಹಳದಿ. ಒಳಗೆ ಇನ್ನೊಂದು ಗೆರೆ ಕೂಡ ಕಾಣುತ್ತದೆ. ನೀರು ಬಂದು ಒಣಗಿದಾಗ ಇಂಥ ಅಂಚು ಮೂಡುತ್ತದೆ. ಒಂದರೊಳಗೆ ಒಂದು ಗೆರೆ ಇದ್ದರೆ ಒಂದಕ್ಕಿಂತ ಜಾಸ್ತಿ ಸಲ ನೆನೆದಿರಬೇಕು. ಪಕ್ಕದಲ್ಲಿ ಪೇಂಟು ಉಬ್ಬಿದೆ, ಬಿಳಿ ಪುಡಿ ಕೂತಿದೆ. ಅದು ಗೋಡೆಯೊಳಗಿನ ಉಪ್ಪು. ತೇವ ಹೊರಗೆ ಬರುವಾಗ ಅದನ್ನೂ ಎಳೆದುಕೊಂಡು ಬರುತ್ತದೆ. ಇದನ್ನು ಫೋಟೋದಲ್ಲಿ ಅಳಿಸಿದರೆ ಮನೆಯಲ್ಲಿ ನೀರು ಸೋರುವುದನ್ನೇ ಮುಚ್ಚಿಟ್ಟ ಹಾಗೆ.

ಬೆಳಕು ಜಾಸ್ತಿ ಮಾಡಿ ಕಲೆ ಮಾಯ ಮಾಡಿದರೂ ಅಷ್ಟೇ. ನಾನು ಅಳಿಸಿಲ್ಲ, ಬರೀ ಬ್ರೈಟ್ ಮಾಡಿದೆ ಅನ್ನುತ್ತಾರೆ ಕೆಲವರು. ಕತ್ತಲೆ ರೂಮನ್ನು ಕಣ್ಣಿಗೆ ಕಾಣುವಷ್ಟು ಬೆಳಕಿಗೆ ತರುವುದು ಸರಿ. ಗೋಡೆ ಮೂಲೆಯಲ್ಲಿ ಗೆರೆ, ನೆರಳು ಯಾವುದೂ ಉಳಿಯದೆ ಬರೀ ಬಿಳಿ ಆಯಿತು ಅಂದರೆ ಹದ ಮೀರಿದೆ.

ಕಲೆ ಹಳೆಯದೋ, ಈಗಲೂ ನೀರು ಬರುತ್ತಿದೆಯೋ ತಿಳಿಯಲು ಅದರ ಅಂಚಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆ. ಜೋರು ಮಳೆ ಬಂದ ಮೇಲೆ ನೋಡು, ಮೇಲಿನವರ ಬಾತ್‌ರೂಮಿನಲ್ಲಿ ನೀರು ಚೆನ್ನಾಗಿ ಬಳಸಿದ ಮೇಲೂ ನೋಡು. ಕಲೆ ಗೆರೆ ದಾಟಿದ್ದರೆ ನೀರು ಇನ್ನೂ ಬರುತ್ತಿದೆ. ಮೊದಲು ಸೋರುವುದನ್ನು ನಿಲ್ಲಿಸು, ಗೋಡೆ ಪೂರ್ತಿ ಒಣಗಲಿ, ಆಮೇಲೆ ಕಲೆ ತಡೆಯುವ ಪ್ರೈಮರ್ ಹಾಕಿಸಿ ಪೇಂಟ್ ಮಾಡಿಸು. ಪ್ರೈಮರ್ ಇಲ್ಲದೆ ಸುಮ್ನೆ ಎಮಲ್ಶನ್ ಬಳಿದರೆ ಕಂದು ಕಲೆ ಮತ್ತೆ ಮೇಲಕ್ಕೆ ಬರುತ್ತದೆ.

ಬಿರುಕಿಗೂ ಪೆನ್ಸಿಲ್ಲೇ ಸಾಕು. ಎರಡೂ ತುದಿಗೆ ಅಡ್ಡ ಗೀಟು ಹಾಕಿ ತಾರೀಕು ಬರೆ. ಅಳತೆಪಟ್ಟಿ ಪಕ್ಕಕ್ಕಿಟ್ಟು ಹತ್ತಿರದಿಂದ ಒಂದು ಫೋಟೋ ತೆಗೆ. ಕೂದಲೆಳೆಯಷ್ಟು, 1 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಪ್ಲಾಸ್ಟರ್ ಒಣಗಿ ಬಿಟ್ಟುಕೊಂಡಿರುತ್ತದೆ. ನಿನ್ನದು ಬಾಗಿಲ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗಿದೆ. ಗೋಡೆಯ ಆಚೆ ಬದಿಯಲ್ಲೂ ಅದೇ ಜಾಗದಲ್ಲಿ ಇದೆಯಾ ನೋಡು. ಎರಡೂ ಕಡೆ ಇದ್ದರೆ, 5 ಮಿಲಿಮೀಟರಿಗಿಂತ ಅಗಲ ಇದ್ದರೆ, ಇಲ್ಲ ಗೀಟು ದಾಟಿ ಬೆಳೆದರೆ, ಬಾಡಿಗೆಗೆ ಕೊಡುವ ಮೊದಲು ಒಬ್ಬ ಇಂಜಿನಿಯರಿಗೆ ತೋರಿಸು.

ಇನ್ನು ಹೇಳಲೇಬೇಕಾ ಅನ್ನುವುದಕ್ಕೆ ಬರುತ್ತೇನೆ. ಜಾಹೀರಾತಿನ ಫೋಟೋ ಮನೆ ತೋರಿಸಿ ಮುಗಿಯುವುದಿಲ್ಲ. ಬಾಡಿಗೆಯವರು ಮನೆ ಬಿಡುವ ದಿನ ಮತ್ತೆ ಎದುರಿಗೆ ಬರುತ್ತದೆ. ನಿನ್ನ ಫೋಟೋದಲ್ಲಿ ಗೋಡೆ ಚೊಕ್ಕಟ, ನಿಜದ ಗೋಡೆಯಲ್ಲಿ ಕಲೆ. ನೀನು ಮರೆತು, ಇಲ್ಲ ಬೇರೆ ಯಾರೋ ಲೆಕ್ಕ ನೋಡಿ, ಅದು ಅವರೇ ಮಾಡಿದ್ದು ಅಂತ ಅಡ್ವಾನ್ಸಿನಲ್ಲಿ ಹಿಡಿದುಕೊಂಡರೆ, ಮಾಡದ ತಪ್ಪಿಗೆ ಒಬ್ಬ ಮನುಷ್ಯ ದುಡ್ಡು ಕಳೆದುಕೊಳ್ಳುತ್ತಾನೆ. ನನಗೆ ಇದು ತುಂಬಾ ಬೇಜಾರಿನ ವಿಷಯ. ಇನ್ನೊಂದು ಕಡೆಯಿಂದ ನೋಡಿದರೂ ನಿನಗೇ ಕಷ್ಟ: ಫೋಟೋ ತಿದ್ದಿದ್ದು ಹೊರಗೆ ಬಂದರೆ, ಅವರು ನಿಜವಾಗಿ ಹಾಳು ಮಾಡಿದ್ದಕ್ಕೂ ನಿನ್ನ ಬಳಿ ನಂಬುವಂಥ ಸಾಕ್ಷಿ ಉಳಿಯುವುದಿಲ್ಲ.

ಹಾಗಾಗಿ ಸಾಮಾನು ಅಳಿಸಿದ ಫೋಟೋ ಇದ್ದರೆ ಅದರ ಕೆಳಗೇ ಬರೆ: "ಈ ಫೋಟೋದಿಂದ ಸಾಮಾನುಗಳನ್ನು ತೆಗೆಯಲಾಗಿದೆ. ಉಳಿದಂತೆ ಗೋಡೆ, ನೆಲ ಇದ್ದ ಹಾಗೇ ಇದೆ. ಮೂಲ ಫೋಟೋ ಕೇಳಿದರೆ ಕೊಡುತ್ತೇವೆ." ವಿವರಣೆಯ ಕೊನೆ ಸಾಲಿನಲ್ಲಿ ಹಾಕಿದರೆ ಯಾರೂ ಓದುವುದಿಲ್ಲ. ಕಲೆ, ಬಿರುಕಿಗೆ ಹತ್ತಿರದ ಫೋಟೋ ಒಂದೊಂದು ಸೇರಿಸಿ ಹೀಗೆ ಬರೆ: "ಬೆಡ್‌ರೂಮಿನ ಮೂಲೆಯಲ್ಲಿ ನೀರಿನ ಕಲೆ ಇದೆ, ರಿಪೇರಿ ಮಾಡಿಸುತ್ತಿದ್ದೇವೆ. ಬಾಗಿಲ ಮೇಲಿನ ಗೋಡೆಯಲ್ಲಿ ಬಿರುಕು ಇದೆ." ರಿಪೇರಿ ಮಾಡಿಸುವುದು ನಿಜವಾಗಿದ್ದರೆ ಮಾತ್ರ ಆ ಮಾತು ಬರೆ. ಇಷ್ಟು ಬರೆದರೆ ಬರುವ ಫೋನುಗಳು ಕಡಿಮೆ ಆಗಬಹುದು. ಆದರೆ ಬರುವವರು ಮೂಲೆ ನೋಡಿ ವಾಪಸ್ ಹೋಗುವುದಿಲ್ಲ.

ಮೂಲ ಫೋಟೋ ಯಾವುದನ್ನೂ ಡಿಲೀಟ್ ಮಾಡಬೇಡ, ಎಡಿಟ್ ಮಾಡಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸು. ಬೀಗದ ಕೈ ಕೊಡುವ ದಿನ ಬಾಡಿಗೆಯವರ ಎದುರಿಗೇ ರೂಮು ರೂಮಿನ ಹೊಸ ಫೋಟೋ ತೆಗೆದು ಅವರಿಗೂ ಕಳಿಸು. ವಾಟ್ಸ್‌ಆ್ಯಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸು. ಮಾಮೂಲಿ ಫೋಟೋ ಥರ ಕಳಿಸಿದರೆ ಚಿಕ್ಕದಾಗುತ್ತದೆ, ತೆಗೆದ ತಾರೀಕಿನ ಮಾಹಿತಿಯೂ ಫೈಲಿನಿಂದ ಹೋಗಿಬಿಡಬಹುದು.

ಸದ್ಯಕ್ಕೆ ಆ ಎರಡನೇ ಫೋಟೋ ಜಾಹೀರಾತಿನಿಂದ ತೆಗೆದುಬಿಡು. ಸೂಟ್‌ಕೇಸ್ ಎತ್ತಿ ಹಿಂದಿನ ಗೋಡೆ ಹೇಗಿದೆ ಅಂತ ನೋಡಿ ನನಗೆ ಹೇಳು.